ಸಂಜೆ ಬಿಸಿಲಿನ ಹಿನ್ನೆಲೆಗೆ ಅಂಟಿಸಿದ ವ್ಯಕ್ತಿ: ಅಂಚಿಗೆ ಹಾಕಿದ ಬಣ್ಣದ ಬೆಳಕು ನಿಜ ಅನ್ನಿಸುತ್ತಿಲ್ಲ

ತಿಳಿನೀಲಿ

ನಮಸ್ಕಾರ. ಒಂದು ಫೋಟೋ ನನ್ನನ್ನು ಬಿಡದೆ ಕಾಡುತ್ತಿದೆ, ನಿಮ್ಮೆಲ್ಲರ ಕಣ್ಣು ಬೇಕಾಗಿದೆ.

ಮನೆಯೊಳಗೆ ತೆಗೆದ ಫೋಟೋ. ಬೂದು ಗೋಡೆ, ಎದುರಿನ ಕಿಟಕಿಯಿಂದ ಬರುವ ಮೆದು ಬೆಳಕು. ನಿಂತಿರುವ ಹೆಂಗಸು, ಬಿಚ್ಚಿದ ಕಪ್ಪು ಕೂದಲು, ಕಡು ನೀಲಿ ಅಂಗಿ, ಬಲ ಭುಜದ ಮೇಲೆ ತೆಳು ಬಿಳಿ ಶಾಲು. ಎಡಗೈ ಮಡಿಸಿ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಾರೆ. ಅವರನ್ನು ಕತ್ತರಿಸಿ ಸೂರ್ಯ ಮುಳುಗುವ ಹಿನ್ನೆಲೆಗೆ ತಂದಿದ್ದೇನೆ. ಸೂರ್ಯ ಚಿತ್ರದೊಳಗೇ ಕಾಣುತ್ತಾನೆ, ಅವರ ಎಡ ಭುಜಕ್ಕಿಂತ ಸ್ವಲ್ಪ ಮೇಲೆ. ಇಲ್ಲಿ ಎಡ ಅಂದರೆ ನೋಡುವವರ ಎಡ. ಬಲಗಡೆ ಆಕಾಶ ತಿಳಿ ನೇರಳೆ. ಕೆಳಗೆ ಕಪ್ಪಗಿನ ಗುಡ್ಡ ಮತ್ತು ಹುಲ್ಲು. ಚಿತ್ರದ ಎತ್ತರ 4000 ಪಿಕ್ಸೆಲ್, ಅವರು ಅದರಲ್ಲಿ ಸುಮಾರು 2600.

ಫೋಟೋಶಾಪ್‌ನಲ್ಲಿ ಮಾಡಿದ್ದು ಇಷ್ಟು. ಹಿನ್ನೆಲೆಯ ಪ್ರತಿ ತೆಗೆದು 60 ಪಿಕ್ಸೆಲ್ ಬ್ಲರ್ ಮಾಡಿದೆ, ಅದನ್ನು ಅವರ ಲೇಯರ್ ಮೇಲೆ ಇಟ್ಟು ಕ್ಲಿಪ್ ಮಾಡಿದೆ, ಸ್ಕ್ರೀನ್ ಮೋಡ್ ಕೊಟ್ಟೆ, ಅಂಚಿನಲ್ಲಿ ಮಾತ್ರ ಕಾಣುವ ಹಾಗೆ ಮಾಸ್ಕ್ ಹಾಕಿದೆ. ಸುತ್ತಲೂ ಒಂದೇ ದಪ್ಪದ ಹೊಳೆಯುವ ಗೆರೆ ಬಂದು ಸ್ಟಿಕ್ಕರ್ ತರ ಕಾಣುತ್ತಿದೆ. ನೀಲಿ ಅಂಗಿಯ ಅಂಚು ಕಿತ್ತಳೆ ಆಗುವ ಬದಲು ಮಾಸಲು ನೇರಳೆ ಆಗಿದೆ. ಕಪ್ಪು ಹುಲ್ಲಿನ ಮುಂದೆ ಇರುವ ಪಾದಗಳೂ ಮಿನುಗುತ್ತಿವೆ, ಅಲ್ಲಿ ಯಾವ ಬೆಳಕೂ ಇಲ್ಲವಲ್ಲ! ಒಪಾಸಿಟಿ ಇಳಿಸಿದರೆ ಎಲ್ಲ ಒಟ್ಟಿಗೆ ಮಂಕಾಗುತ್ತದೆ ಅಷ್ಟೆ. ಎಲ್ಲಿ ತಪ್ಪುತ್ತಿದೆ?

ಕತ್ತರಿಕೈ

ಇದಕ್ಕೆ ಇಷ್ಟೆಲ್ಲ ಯಾಕೆ? ವ್ಯಕ್ತಿಯ ಲೇಯರ್‌ಗೆ Inner Shadow ಸ್ಟೈಲ್ ಹಾಕಿ. ಹೆಸರು ನೆರಳು ಅಂತಿದ್ದರೂ ಬ್ಲೆಂಡ್ ಮೋಡ್ ಸ್ಕ್ರೀನ್ ಮಾಡಿ, ಕಿತ್ತಳೆ ಬಣ್ಣ ಕೊಟ್ಟರೆ ಅದು ಬೆಳಕಾಗುತ್ತದೆ. Use Global Light ಟಿಕ್ ತೆಗೆದು, ಆ್ಯಂಗಲ್ ಸೂರ್ಯನ ಕಡೆ ತಿರುಗಿಸಿ. Distance 12, Size 15 ಇಟ್ಟು ನೋಡಿ. ಬೆಳಕು ಒಂದೇ ಕಡೆ ಬರುತ್ತದೆ, ಪಾದದ ಸಮಸ್ಯೆ ಮುಕ್ಕಾಲು ಪಾಲು ಹೋಗುತ್ತದೆ. ಎರಡು ನಿಮಿಷದ ಕೆಲಸ. ನಾನು ಪೋಸ್ಟರ್‌ಗಳಿಗೆ ಯಾವಾಗಲೂ ಇದನ್ನೇ ಮಾಡೋದು.

ಫ್ರೇಮ್‌ದಾರ

ಅಂಚಿನ ಬಣ್ಣದ ಸಮಸ್ಯೆಗೆ ಮೊದಲು ಸ್ಪಿಲ್ ತೆಗೆಯಬೇಕು. ನಾನು ವಿಡಿಯೋ ಮಾಡುತ್ತೇನೆ, ಹಸಿರು ಪರದೆ ಮುಂದೆ ನಿಂತವರ ಕೂದಲು, ಕುತ್ತಿಗೆ ಎಲ್ಲ ಹಸಿರಾಗಿರುತ್ತದೆ. ಹಸಿರು ಚಾನೆಲ್ ಅನ್ನು ಕೆಂಪು ನೀಲಿಗಳ ಸರಾಸರಿಗಿಂತ ಮೇಲೆ ಹೋಗಲು ಬಿಡಬೇಡಿ, ಕ್ಲೀನ್ ಆಗುತ್ತದೆ. ಪರದೆಯಿಂದ ಆದಷ್ಟು ದೂರ ನಿಲ್ಲಿಸಿ ಶೂಟ್ ಮಾಡಿದರೆ ಈ ತೊಂದರೆಯೇ ಬರಲ್ಲ.

ತಿಳಿನೀಲಿ

ಫ್ರೇಮ್‌ದಾರ ಅವರೇ, ನನ್ನದು ಹಸಿರು ಪರದೆ ಅಲ್ಲ, ಬೂದು ಗೋಡೆ. ನನಗೆ ಬೇಕಾಗಿರೋದು ಉಲ್ಟಾ ಕೆಲಸ. ಹೊಸ ಹಿನ್ನೆಲೆಯ ಬಣ್ಣ ಅವರ ಮೇಲೆ ಬೀಳಬೇಕು.

ಕತ್ತರಿಕೈ ಅವರೇ, ನೀವು ಹೇಳಿದ್ದು ಮಾಡಿ ನೋಡಿದೆ. ಎಡಗಡೆ ಕೂದಲಿನ ಹೊರಗೆರೆ ನಿಜವಾಗಿ ಚೆನ್ನಾಗಿ ಬಂತು. ಆದರೆ ಮಡಿಸಿದ ಕೈ ಇದೆಯಲ್ಲ, ಅದು ದೇಹದ ಮುಂದೆ ಇರೋದರಿಂದ ಅದಕ್ಕೆ ಏನೂ ಬರಲಿಲ್ಲ. ಭುಜದಲ್ಲಿ ಉರಿಯುವ ಬೆಳಕು ಮೊಣಕೈ ದಾಟಿದ ಕೂಡಲೇ ಮಾಯ. ನೀಲಿ ಅಂಗಿ ಮಾತ್ರ ಹಾಗೇ ಮಾಸಲು.

ಹಳೇಲೆನ್ಸ್

ತಿಳಿನೀಲಿ ಮೇಡಂ, ನಿಮ್ಮ ವಿಧಾನ ತಪ್ಪಲ್ಲ. ಒಂದೇ ಲೇಯರ್‌ನಿಂದ ಮೂರು ಬೇರೆ ಬೇರೆ ಕೆಲಸ ಮಾಡಿಸುತ್ತಿದ್ದೀರಿ, ತೊಂದರೆ ಅಲ್ಲಿದೆ.

ಹಿಂದೆ ಜೋರಾದ ಬೆಳಕಿದ್ದಾಗ ಅದು ಲೆನ್ಸ್‌ನಲ್ಲಿ ಮತ್ತು ಗಾಳಿಯಲ್ಲಿ ಚದುರಿ ವಸ್ತುವಿನ ಅಂಚಿನ ಮೇಲೆ ಚೆಲ್ಲುತ್ತದೆ. ಲೈಟ್ ರ‍್ಯಾಪ್ ಅನ್ನೋದು ಇದನ್ನೇ. ಅಂಗಿಯ ಬಣ್ಣ ಯಾವುದು, ಅದು ಯಾವ ಕಡೆ ತಿರುಗಿದೆ ಅನ್ನೋದು ಇದಕ್ಕೆ ಮುಖ್ಯ ಅಲ್ಲ. ಆ ಜಾಗದ ಹಿಂದೆ ಎಷ್ಟು ಬೆಳಕಿದೆ ಅನ್ನೋದಷ್ಟೇ ಮುಖ್ಯ. ಅಂಚಿನ ಬೆಳಕು, ಅಂದರೆ ರಿಮ್, ಬೇರೆ ಸಂಗತಿ. ಸೂರ್ಯನ ಕಿರಣ ನೇರವಾಗಿ ಮೈ ಮೇಲೆ ಓರೆಯಾಗಿ ಬಿದ್ದು ಹೊಳೆಯೋದು ಅದು. ಕಿರಿದಾಗಿರುತ್ತದೆ, ಚುರುಕಾಗಿರುತ್ತದೆ, ಬಟ್ಟೆಯ ನೆಯ್ಗೆ ಕೂದಲಿನ ಎಳೆ ಎಲ್ಲ ಅದರಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದು ಆಕಾಶದ ಬಣ್ಣ ಭುಜದ ಮೇಲ್ಭಾಗ, ತೋಳಿನ ಬದಿ ಇಂಥ ಅಗಲದ ಜಾಗಗಳ ಮೇಲೆ ಮೆತ್ತಗೆ ಕೂರೋದು.

ಇವು ಮೂರಕ್ಕೂ ಮುಂಚೆ ಒಂದು ಕೆಲಸ ಇದೆ. ಅವರ ಮುಖ ಈಗ ಎಷ್ಟು ಬೆಳಗಿದೆ, ಐಡ್ರಾಪರ್ ಇಟ್ಟು ನೋಡಿ. ಕೆಂಪು ಚಾನೆಲ್ 200ರ ಆಸುಪಾಸು ಇರಬಹುದು ಅಂದುಕೊಂಡಿದ್ದೇನೆ. ಸೂರ್ಯ ಚಿತ್ರದೊಳಗೇ ಇದ್ದಾನೆ ಅಂದರೆ ಅವನು ಅವರ ಹಿಂದೆ ಇದ್ದಾನೆ. ಮುಖದ ಮುಂಭಾಗಕ್ಕೆ ಅವನ ಬೆಳಕು ತಲುಪೋಕೆ ದಾರಿಯೇ ಇಲ್ಲ. ಮುಖಕ್ಕೆ ಸಿಗೋದು ಕ್ಯಾಮೆರಾ ಹಿಂದಿನ ಆಕಾಶದ ಬೆಳಕು, ಅದು ಕಡಿಮೆ, ಸ್ವಲ್ಪ ನೀಲಿ. ಹಾಗಾಗಿ ಕ್ಲಿಪ್ ಮಾಡಿದ ಕರ್ವ್ಸ್ ಲೇಯರ್‌ನಿಂದ ಇಡೀ ವ್ಯಕ್ತಿಯನ್ನು ಇಳಿಸಿ. ಮುಖದ ಕೆಂಪು 130, 140ಕ್ಕೆ ಬರಲಿ. ನೀಲಿ ಚಾನೆಲ್ ಅನ್ನು ಉಳಿದೆರಡಕ್ಕಿಂತ ಕಡಿಮೆ ಇಳಿಸಿ. ಇದೊಂದು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲೇ ಬೆಳಗಿರುವ ಮುಖದ ಅಂಚಿಗೆ ಎಷ್ಟು ಬೆಳಕು ಹಾಕಿದರೂ ಕಣ್ಣು ನಂಬಲ್ಲ, ಏರೋದಕ್ಕೆ ಅಲ್ಲಿ ಜಾಗವೇ ಇರಲ್ಲ.

ಈಗ ರ‍್ಯಾಪ್. ಬ್ಲರ್ ಮಾಡುವ ಮೊದಲು ಆ ಹಿನ್ನೆಲೆ ಪ್ರತಿಗೆ ಲೆವೆಲ್ಸ್ ತೆಗೆದು ಎಡ ಸ್ಲೈಡರ್ ಅನ್ನು 110, 120ಕ್ಕೆ ತನ್ನಿ. ಗುಡ್ಡ, ಹುಲ್ಲು ಪೂರ್ತಿ ಕಪ್ಪಾಗುತ್ತವೆ. ಸ್ಕ್ರೀನ್ ಮೋಡ್‌ನಲ್ಲಿ ಕಪ್ಪು ಏನೂ ಮಾಡಲ್ಲ, ಹಾಗಾಗಿ ಪಾದದ ಮಿನುಗು ತಾನಾಗಿ ಹೋಗುತ್ತದೆ. ಆಮೇಲೆ 60 ಬ್ಲರ್ ಸರಿ, ಅದಕ್ಕಿಂತ ಜಾಸ್ತಿ ಬೇಡ. ಬ್ಲರ್ ಜಾಸ್ತಿ ಆದಷ್ಟೂ ಆಕಾಶವೆಲ್ಲ ಒಂದೇ ಬಣ್ಣ ಆಗಿ ಸುತ್ತಲೂ ಒಂದೇ ಗೆರೆ ಬರುತ್ತದೆ. ಮಾಸ್ಕ್ ಮಾಡೋಕೆ ವ್ಯಕ್ತಿಯ ಥಂಬ್‌ನೇಲ್ ಮೇಲೆ Ctrl ಒತ್ತಿ ಕ್ಲಿಕ್, Ctrl+Shift+I, ನಂತರ ರ‍್ಯಾಪ್ ಲೇಯರ್‌ಗೆ ಮಾಸ್ಕ್, ಆ ಮಾಸ್ಕ್‌ಗೆ 12 ಪಿಕ್ಸೆಲ್ ಗಾಸಿಯನ್ ಬ್ಲರ್. ನೀವು ಮಾಸ್ಕ್ ಹಾಕಿ ಕತ್ತರಿಸಿದ್ದರೆ ಚಿತ್ರದ ಥಂಬ್‌ನೇಲ್ ಅಲ್ಲ, ಮಾಸ್ಕ್ ಥಂಬ್‌ನೇಲ್ ಮೇಲೆ ಕ್ಲಿಕ್ ಮಾಡಬೇಕು.

ಇನ್ನೊಂದು ವಿಷಯ ಗಮನಿಸಿ. ಫೈಲ್‌ನಲ್ಲಿ ಸೂರ್ಯ 255, ಪಕ್ಕದ ಆಕಾಶ 230. ನಿಜದಲ್ಲಿ ಸೂರ್ಯ ಪಕ್ಕದ ಆಕಾಶಕ್ಕಿಂತ ಎಷ್ಟೋ ಸಾವಿರ ಪಟ್ಟು ಬೆಳಗಿರುತ್ತಾನೆ. ಆ ವ್ಯತ್ಯಾಸ ಫೈಲ್‌ಗೆ ಬರುವಾಗಲೇ ಕತ್ತರಿಸಿ ಹೋಗಿದೆ. ಹಾಗಾಗಿ ಬ್ಲರ್ ಮಾಡಿದಾಗ ಸೂರ್ಯನ ಹತ್ತಿರದ ಅಂಚಿಗೂ ದೂರದ ಅಂಚಿಗೂ ಬೆಳಕು ಹೆಚ್ಚು ಕಡಿಮೆ ಒಂದೇ ಆಗುತ್ತದೆ. ಅದನ್ನು ನಾವೇ ಕೈಯಿಂದ ವಾಪಸ್ ತರಬೇಕು. ರ‍್ಯಾಪ್ ಲೇಯರ್‌ನ ಇನ್ನೊಂದು ಪ್ರತಿ ಮಾಡಿ, ಸೂರ್ಯನ ಹತ್ತಿರದ ಭುಜ, ಕುತ್ತಿಗೆ, ಕೂದಲು ಬಿಟ್ಟು ಉಳಿದೆಡೆ ಮಾಸ್ಕ್‌ನಲ್ಲಿ ಕಪ್ಪು ಬಳಿಯಿರಿ. ಮೊದಲನೇ ಪ್ರತಿಯ ಒಪಾಸಿಟಿ ಇಳಿಸಿ. ಸೂರ್ಯನಿಂದ ದೂರ ಹೋದ ಹಾಗೆ ಬೆಳಕು ಕಮ್ಮಿ ಆಗಬೇಕು. ಇದು ಬಂದ ಕೂಡಲೇ ಸ್ಟಿಕ್ಕರ್ ಗೆರೆ ಹೋಗುತ್ತದೆ.

ರಿಮ್ ಬಗ್ಗೆ ಆಮೇಲೆ ಬರೆಯುತ್ತೇನೆ, ಇಷ್ಟು ಮಾಡಿ ನೋಡಿ.

ಕತ್ತರಿಕೈ

ಹಳೇಲೆನ್ಸ್ ಸರ್, ಮುಖ ಇಳಿಸೋದು ಒಪ್ಪಿದೆ. ಆದರೆ ಬೆಳಕು ಅಂದಮೇಲೆ ಕೂಡಿಸೋದೇ ಅಲ್ವಾ? ಅದಕ್ಕೆ ಸ್ಕ್ರೀನ್ ಸಾಕು. ರಿಮ್‌ಗೂ ಸ್ಕ್ರೀನ್, ರ‍್ಯಾಪ್‌ಗೂ ಸ್ಕ್ರೀನ್. ನೀಲಿ ಅಂಗಿ ಮಾಸಲು ಕಂಡರೆ ಇನ್ನೂ ಗಾಢ ಕಿತ್ತಳೆ ಹಾಕಿದರಾಯಿತು. ಸುಮ್ನೆ ಮೂರು ಲೇಯರ್ ಯಾಕೆ?

ಹಳೇಲೆನ್ಸ್

ಲೆನ್ಸ್‌ನಲ್ಲಿ ಚದುರಿದ ಬೆಳಕು ಬಟ್ಟೆಯನ್ನು ಮುಟ್ಟಿಯೇ ಇರಲ್ಲ. ಅದು ಚಿತ್ರದ ಮೇಲೆ ಬಂದು ಕೂಡುತ್ತದೆ, ಅಲ್ಲಿ ಸ್ಕ್ರೀನ್ ಸರಿ. ಬಟ್ಟೆಯ ಮೇಲೆ ಬಿದ್ದು ವಾಪಸ್ ಬರುವ ಬೆಳಕು ಬಟ್ಟೆಯ ಬಣ್ಣದಿಂದ ಗುಣಿಸಿಕೊಂಡು ಬರುತ್ತದೆ. ಇದು ಮಾತಿನಲ್ಲಿ ಸಣ್ಣದಾಗಿ ಕಾಣುತ್ತದೆ, ಪಿಕ್ಸೆಲ್‌ನಲ್ಲಿ ದೊಡ್ಡ ವ್ಯತ್ಯಾಸ.

ಅಂಗಿಯ ನೀಲಿ 30, 50, 110 ಅಂತ ಇಟ್ಟುಕೊಳ್ಳಿ. ಸೂರ್ಯನ ಬಣ್ಣ 255, 170, 80. ಇದನ್ನು ಸ್ಕ್ರೀನ್‌ನಲ್ಲಿ ಅರ್ಧ ಬಲಕ್ಕೆ ಹಾಕಿದರೆ ಅಂಗಿ ಸುಮಾರು 143, 118, 133 ಆಗುತ್ತದೆ. ಮೂರರಲ್ಲಿ ಹಸಿರು ಕೆಳಗಿದೆ, ಅಂದರೆ ಬಣ್ಣ ನೇರಳೆ ಕಡೆ ವಾಲಿದೆ, ಮೇಲೆ ಹಾಲಿನ ಮಬ್ಬು. ತಿಳಿನೀಲಿ ಅವರು ಮಾಸಲು ನೇರಳೆ ಅಂದದ್ದು ಇದನ್ನೇ.

ಅದರ ಬದಲು ಕ್ಲಿಪ್ ಮಾಡಿದ ಕರ್ವ್ಸ್ ಲೇಯರ್ ಹಾಕಿ. ಕೆಂಪು ಚಾನೆಲ್‌ಗೆ ಹೋಗಿ ಬಲ ತುದಿಯ ಮೇಲಿನ ಬಿಂದುವನ್ನು ಎಡಕ್ಕೆ ಎಳೆಯಿರಿ, Input 80 ಬರುವ ತನಕ. ಹಸಿರಿನಲ್ಲಿ 120 ತನಕ. ನೀಲಿ ಮುಟ್ಟಬೇಡಿ. ಕೆಂಪು 3.2 ಪಟ್ಟು, ಹಸಿರು 2.1 ಪಟ್ಟು ಏರುತ್ತದೆ. ಅಂಗಿ 96, 106, 110 ಆಗುತ್ತದೆ. ಬೂದು ಬೆರೆತ ತಿಳಿ ನೀಲಿ. ಕಿತ್ತಳೆ ಬೆಳಕಿಗೆ ನೀಲಿ ಬಟ್ಟೆ ಹಿಡಿದು ನೋಡಿ, ಹೀಗೇ ಕಾಣುತ್ತದೆ. ಅದು ಕಿತ್ತಳೆ ಆಗಲ್ಲ. ನೀಲಿ ಬಟ್ಟೆ ಕೆಂಪನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಗಾಢ ಕಿತ್ತಳೆ ಸ್ಕ್ರೀನ್ ಮಾಡಿದರೆ ಅಂಗಿಗೆ ಪೇಂಟ್ ಹೊಡೆದ ಹಾಗಾಗುತ್ತದೆ, ಬೆಳಕು ಬಿದ್ದ ಹಾಗೆ ಅಲ್ಲ.

ಈ ಅಂಕಿ ಕಡು ಬಣ್ಣದ ಬಟ್ಟೆಗೆ ಮಾತ್ರ. Input 80 ಅಂದರೆ 80ಕ್ಕಿಂತ ಮೇಲಿನ ಕೆಂಪೆಲ್ಲ 255ಕ್ಕೆ ಹೋಗಿ ಚಪ್ಪಟೆ ಆಗುತ್ತದೆ. ಚರ್ಮದ ಕೆಂಪು 135 ಇದ್ದರೆ ಅಲ್ಲೇ ಸುಟ್ಟುಹೋಗುತ್ತದೆ. ಚರ್ಮಕ್ಕೆ ಬೇರೆ ಕರ್ವ್ಸ್ ಲೇಯರ್ ಮಾಡಿ, ಕೆಂಪು 160, ಹಸಿರು 190ರಿಂದ ಶುರು ಮಾಡಿ.

ಕರ್ವ್ಸ್ ಮಾಸ್ಕ್‌ಗೆ ಕಪ್ಪು ತುಂಬಿ, ಬಿಳಿ ಬ್ರಷ್‌ನಿಂದ ಸೂರ್ಯನ ಕಡೆ ತಿರುಗಿದ ಜಾಗದಲ್ಲಿ ಮಾತ್ರ ಬಳಿಯಬೇಕು. ಕತ್ತರಿಕೈ ಅವರ Inner Shadow ಎಡವಿದ್ದು ಇಲ್ಲೇ. ಅದಕ್ಕೆ ಗೊತ್ತಿರೋದು ಹೊರಗೆರೆ ಮಾತ್ರ, ಮೈ ಅದಕ್ಕೆ ಕಾಗದದಷ್ಟೇ ಚಪ್ಪಟೆ. ಮಡಿಸಿದ ಕೈಯ ಮೇಲಂಚು ಹೊರಗೆರೆ ಅಲ್ಲ, ಆದರೆ ಬೆಳಕು ಅಲ್ಲೂ ಬೀಳುತ್ತದೆ. ಭುಜದ ಹತ್ತಿರದ ಬಟ್ಟೆಯ ಮಡಿಕೆಗಳ ಎಡ ಮಗ್ಗುಲಿಗೂ ಬೀಳುತ್ತದೆ. ಗಲ್ಲದ ಕೆಳಗೆ ಹೊರಗೆರೆ ಇದ್ದರೂ ಬೀಳಲ್ಲ. ಕುತ್ತಿಗೆಯ ಎಡಭಾಗವನ್ನು ಬಿಚ್ಚಿದ ಕೂದಲು ಮುಚ್ಚಿದ್ದರೆ ಅಲ್ಲೂ ಇಲ್ಲ.

ಎಷ್ಟು ಅಗಲ ಅಂತ ಕೇಳುತ್ತೀರಿ. ಆಕೆ 2600 ಪಿಕ್ಸೆಲ್ ಎತ್ತರ, ಅಂದರೆ ಒಂದು ಸೆಂಟಿಮೀಟರ್‌ಗೆ ಸರಿಸುಮಾರು 16 ಪಿಕ್ಸೆಲ್. ಸೂರ್ಯ ಹಿಂದೆ ಇದ್ದಾಗ ಕೆನ್ನೆಯ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಬೆಳಗಿದರೆ ಜಾಸ್ತಿ. ಎಂಟು ಹತ್ತು ಪಿಕ್ಸೆಲ್. ಭುಜದ ಮೇಲೆ ಎರಡು ಮೂರು ಸೆಂಟಿಮೀಟರ್ ಬರಬಹುದು, ಅದು ಮಲಗಿದ ಜಾಗ. ಎಲ್ಲ ಕಡೆ ಒಂದೇ ಅಗಲ ಬಳಿದರೆ ಮತ್ತೆ ಗೆರೆಯೇ ಆಗುತ್ತದೆ.

ಕತ್ತರಿಕೈ

ಅಂಕಿ ಹಾಕಿ ನೋಡಿದೆ, ಬಟ್ಟೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ Inner Shadow ಪೂರ್ತಿ ಬಿಡಬೇಕಾಗಿಲ್ಲ. ಸ್ಟೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Create Layer ಕೊಟ್ಟರೆ ಅದು ಬೇರೆ ಲೇಯರ್ ಆಗುತ್ತದೆ. ಅದಕ್ಕೆ ಮಾಸ್ಕ್ ಹಾಕಿ ಬೇಡದ ಕಡೆ ಅಳಿಸಬಹುದು. ಕಪ್ಪು ಕೂದಲಿಗಂತೂ ನಾನು ಅದನ್ನೇ ಬಳಸೋದು.

ಹಳೇಲೆನ್ಸ್

ಕೂದಲಿಗೆ ಒಪ್ಪುತ್ತೇನೆ. ಕೂದಲಿನ ಹೊಳಪು ಕನ್ನಡಿ ಹೊಳಪಿನ ಜಾತಿ, ಅದು ಬೆಳಕಿನ ಬಣ್ಣವನ್ನೇ ಹೆಚ್ಚು ಕಡಿಮೆ ಹಾಗೇ ತೋರಿಸುತ್ತದೆ. ಕಪ್ಪು ಕೂದಲಿನ ಅಂಚು ಕಿತ್ತಳೆಯಾಗಿ ಉರಿಯೋದು ನಿಜ. ಒಳಗಿನ ಎಳೆಗಳಿಗೆ ಮಾತ್ರ ಸ್ಕ್ರೀನ್ ಬದಲು Color Dodge ಲೇಯರ್ ಮೇಲೆ ಕಡಿಮೆ ಫ್ಲೋ ಕಿತ್ತಳೆ ಬ್ರಷ್ ಹಿಡಿಯಿರಿ. ಪೂರ್ತಿ ಕಪ್ಪು ಇದ್ದಲ್ಲಿ ಅದು ಏನೂ ಮಾಡಲ್ಲ, ಈಗಾಗಲೇ ಸ್ವಲ್ಪ ಹೊಳೆಯುವ ಎಳೆಗಳನ್ನು ಎತ್ತುತ್ತದೆ. ಎಳೆ ಎಳೆಯಾಗಿ ಉಳಿಯುತ್ತದೆ. ಜಾಸ್ತಿ ಅನ್ನಿಸಿದರೆ ಒಪಾಸಿಟಿ ಅಲ್ಲ, Fill ಇಳಿಸಿ. ಈ ಮೋಡ್‌ನಲ್ಲಿ ಎರಡೂ ಬೇರೆ ಬೇರೆ ಥರ ವರ್ತಿಸುತ್ತವೆ, Fill ಇಳಿಸಿದಾಗ ಹೊಳೆಯುವ ಎಳೆ ಉಳಿದು ಮಂಕು ಜಾಗ ಮೊದಲು ಹೋಗುತ್ತದೆ.

ಮುಂಗುರುಳು

ಕೂದಲಿನ ಮಾತು ಬಂತಲ್ಲ, ನನ್ನದೂ ಒಂದು ಕೇಳಿಬಿಡುತ್ತೇನೆ. ನಾನು ಗಿಂಪ್‌ನಲ್ಲಿ ಮಾಡುತ್ತೇನೆ. ಗುಂಗುರು ಕೂದಲಿನ ಹುಡುಗನನ್ನು ಬಿಳಿ ಗೋಡೆಯಿಂದ ಕತ್ತರಿಸಿ ಬೆಳಗಿನ ಆಕಾಶಕ್ಕೆ ಹಾಕಿದ್ದೆ. ರ‍್ಯಾಪ್ ಹಾಕುವ ಮುಂಚೆ ಪರವಾಗಿಲ್ಲ ಅನ್ನಿಸುತ್ತಿತ್ತು, ಹಾಕಿದ ಮೇಲೆ ಪ್ರತಿ ಸುರುಳಿಯ ಸುತ್ತ ತೆಳು ಬಿಳಿ ದಾರ ಎದ್ದು ಕಾಣೋಕೆ ಶುರುವಾಯಿತು. ಒಬ್ಬರು, ಬಿಳಿ ಅಂಚು ಇದ್ದರೆ ಒಳ್ಳೆಯದೇ, ಅದೇ ರಿಮ್ ಆಗುತ್ತದೆ, ಬಣ್ಣ ಹಾಕಿ ಬಿಡಿ ಅಂದರು. ಅದು ಸರಿನಾ? ಮತ್ತೆ ಗಿಂಪ್‌ನಲ್ಲಿ ಕ್ಲಿಪ್ ಮಾಡೋದು ಹೇಗೆ?

ಹಳೇಲೆನ್ಸ್

ಅವರು ಹೇಳಿದ್ದು ಸೂರ್ಯನ ಕಡೆಯ ಕೂದಲಿಗೆ ಮಾತ್ರ ಹೊಂದುತ್ತದೆ. ಉಳಿದ ಕಡೆ ಅದು ಹಳೇ ಗೋಡೆಯ ಬಣ್ಣ, ಬೆಳಕಲ್ಲ. ರ‍್ಯಾಪ್ ಯಾವಾಗಲೂ ಅಂಚನ್ನು ಎತ್ತುತ್ತದೆ, ಅಂಚಿನಲ್ಲಿ ಹಳೇ ಗೋಡೆ ಉಳಿದಿದ್ದರೆ ಅದನ್ನೂ ಎತ್ತುತ್ತದೆ. ಹಾಗಾಗಿ ಸ್ವಚ್ಛ ಮಾಡೋದು ಮೊದಲು, ಬೆಳಕು ಆಮೇಲೆ. ಮೈ ಮತ್ತು ಬಟ್ಟೆಯ ಅಂಚಿಗೆ ನಾನು ಕ್ಲಿಪ್ ಮಾಡಿದ ಖಾಲಿ ಲೇಯರ್ ಮೇಲೆ ಒಂದಿಷ್ಟು ಒಳಗಿನ ಬಣ್ಣ ತೆಗೆದು ಅಂಚಿಗೆ ಬಳಿಯುತ್ತೇನೆ. ಫೋಟೋಶಾಪ್‌ನಲ್ಲಿ `Layer > Matting > Defringe` ಒಂದೆರಡು ಪಿಕ್ಸೆಲ್ ಕೊಟ್ಟರೂ ಆಗುತ್ತದೆ, ಮಾಸ್ಕ್ ಇರುವ ಲೇಯರ್ ಆದರೆ ಅದರ ಪ್ರತಿ ತೆಗೆದು ಮಾಸ್ಕ್ ಅಪ್ಲೈ ಮಾಡಿಕೊಂಡು.

ಕೂದಲಿಗೆ ಬೇರೆ ದಾರಿ ಇದೆ. ಮೂಲ ಫೋಟೋದ ಕೂದಲಿನ ಭಾಗವನ್ನು ಗೋಡೆ ಸಮೇತ ಬೇರೆ ಲೇಯರ್‌ನಲ್ಲಿ, ಕತ್ತರಿಸಿದ ವ್ಯಕ್ತಿಯ ಕೆಳಗೆ ಇಡಿ. ಲೆವೆಲ್ಸ್‌ನ ಬಿಳಿ ಐಡ್ರಾಪರ್‌ನಿಂದ ಗೋಡೆ ಮೇಲೆ ಕ್ಲಿಕ್ ಮಾಡಿ, ಗೋಡೆ ಪೂರ್ತಿ ಬಿಳಿ ಆಗಲಿ. ಮೋಡ್ Multiply. ಬಿಳಿ ಮಾಯವಾಗಿ ಕಪ್ಪು ಎಳೆ ಮಾತ್ರ ಆಕಾಶದ ಮೇಲೆ ಉಳಿಯುತ್ತದೆ, ಒಂದೊಂದು ಎಳೆಯೂ. ಬೂದು ಗೋಡೆಗೂ ಇದು ನಡೆಯುತ್ತದೆ, ತಿಳಿನೀಲಿ ಅವರೂ ಮಾಡಿ ನೋಡಿ. ಹಿಂದೆ ಬೆಳಕಿರುವ ಆಕಾಶ ಇದ್ದಾಗ ಮಾತ್ರ ಉಪಯೋಗ, ಕಪ್ಪು ಗುಡ್ಡದ ಮುಂದೆ ಎಳೆಗಳೇ ಕಾಣಲ್ಲ. ಹಾಗೆ ಕಾಣದೇ ಇರೋದೂ ಅಲ್ಲಿ ಸರಿಯೇ.

ಗಿಂಪ್‌ನಲ್ಲಿ ವ್ಯಕ್ತಿ ಮತ್ತು ರ‍್ಯಾಪ್ ಎರಡನ್ನೂ ಒಂದು ಲೇಯರ್ ಗ್ರೂಪ್‌ಗೆ ಹಾಕಿ. ಗ್ರೂಪ್ ಮೋಡ್ Pass Through ಬೇಡ, Normal ಇರಲಿ. ರ‍್ಯಾಪ್ ಲೇಯರ್‌ನ Composite Mode ಅನ್ನು Clip to Backdrop ಮಾಡಿ. ಆಗ ವ್ಯಕ್ತಿಯ ಹೊರಗೆ ಚೆಲ್ಲಲ್ಲ. ಮಾಸ್ಕ್‌ಗೆ `Layer > Transparency > Alpha to Selection`, ನಂತರ ಸೆಲೆಕ್ಷನ್ ಇನ್ವರ್ಟ್, ಫೆದರ್, ಅದರಿಂದ ಮಾಸ್ಕ್.

ಇನ್ನೊಂದು ಸಣ್ಣ ವಿಷಯ. ಬ್ಲರ್ ಮಾಡಿದ ಉಲ್ಟಾ ಮಾಸ್ಕ್ ನೇರವಾದ ಅಂಚಿನಲ್ಲಿ ಅರ್ಧ ಬಲ ಇರುತ್ತದೆ, ಒಳಗೆ ಹೋದ ಹಾಗೆ ಕಮ್ಮಿ. ಆದರೆ ಒಂದು ಎಳೆ ಕೂದಲು, ಒಂದು ಬೆರಳು ಇದ್ದಲ್ಲಿ ಎರಡೂ ಕಡೆಯಿಂದ ಬೆಳಕು ಬಂದು ಬಲ ಜಾಸ್ತಿ ಆಗುತ್ತದೆ. ಕೂದಲಿಗೆ ಇದು ಚೆನ್ನ, ಬೆರಳುಗಳು ಮಾತ್ರ ಕರಗಿದ ಹಾಗೆ ಕಾಣಬಹುದು. ಅಲ್ಲಿ ಮಾಸ್ಕ್‌ನಲ್ಲಿ ಸ್ವಲ್ಪ ಕಪ್ಪು ಬಳಿಯಿರಿ.

ಫ್ರೇಮ್‌ದಾರ

ತಿಳಿನೀಲಿ ಅವರ ಪ್ರಶ್ನೆ ಈಗ ಗೊತ್ತಾಯಿತು. ಆದರೆ ಹಸಿರು ಪರದೆಯಲ್ಲಿ ನಾವು ಮಾಡುವ ಒಂದು ಕೆಲಸ ಇದಕ್ಕೆ ತುಂಬ ಹತ್ತಿರ ಇದೆ, ಹಾಗಾಗಿ ಹೇಳುತ್ತೇನೆ. ಹಸಿರು ತೆಗೆದಾಗ ಅಂಚು ಕಪ್ಪಗೆ, ಸತ್ತ ಹಾಗೆ ಆಗುತ್ತದೆ, ಯಾಕೆಂದರೆ ಅಲ್ಲಿದ್ದ ಬೆಳಕನ್ನೇ ತೆಗೆದುಬಿಟ್ಟೆವು. ಅದಕ್ಕೆ ಎಷ್ಟು ಹಸಿರು ತೆಗೆದೆವೋ ಅಷ್ಟೇ ಅಳತೆಯಲ್ಲಿ ಹೊಸ ಹಿನ್ನೆಲೆಯ ಬ್ಲರ್ ಮಾಡಿದ ಬಣ್ಣ ವಾಪಸ್ ಹಾಕುತ್ತೇವೆ.

```
g2    = min(g, (r + b) / 2)
spill = g - g2
out   = (r, g2, b) + spill * bg_blur
```

ಬೆಲೆಗಳು 0ರಿಂದ 1ರ ನಡುವೆ. ಇದರ ಸೊಗಸು ಏನೆಂದರೆ, ಪರದೆಯ ಹಸಿರು ಎಲ್ಲೆಲ್ಲಿ ನಿಜವಾಗಿ ಬಿದ್ದಿತ್ತೋ ಅಲ್ಲೇ ಹೊಸ ಬೆಳಕೂ ಬೀಳುತ್ತದೆ. ಮೈಯ ಉಬ್ಬು ತಗ್ಗು, ಕೂದಲಿನ ಎಳೆ ಎಲ್ಲ ಅದಾಗಿಯೇ ಲೆಕ್ಕಕ್ಕೆ ಬರುತ್ತದೆ. ಬೂದು ಗೋಡೆಯಲ್ಲಿ ಈ ಅನುಕೂಲ ಇಲ್ಲ, ಕೈಯಿಂದಲೇ ಬಳಿಯಬೇಕು. ಸ್ಟಿಲ್ ಆದ್ದರಿಂದ ಪರವಾಗಿಲ್ಲ. ನಮಗೆ ವಿಡಿಯೋದಲ್ಲಿ ಆಕೆ ತಿರುಗಿದರೆ ಆ ಮಾಸ್ಕ್ ಎಲ್ಲ ಮತ್ತೆ ಮಾಡಬೇಕು.

ಹಳೇಲೆನ್ಸ್

ಇದು ಒಳ್ಳೆ ಮಾತು ಹೇಳಿದಿರಿ ಫ್ರೇಮ್‌ದಾರ ಅವರೇ. ಒಂದೇ ಎಚ್ಚರಿಕೆ, ಆ ಹಸಿರು ಪರದೆ ಸೂರ್ಯನಲ್ಲ, ಅಗಲವಾದ ಮೆದು ಬೆಳಕು. ಅದರಿಂದ ಬರೋದು ಆಕಾಶದ ಮೆದು ಬಣ್ಣ. ಚುರುಕು ರಿಮ್ ಅದರಿಂದ ಸಿಗಲ್ಲ.

ತಿಳಿನೀಲಿ

ಹೇಳಿದ ಕ್ರಮದಲ್ಲೇ ಮಾಡಿದೆ. ಮುಖದ ಕೆಂಪು 205 ಇತ್ತು, 136ಕ್ಕೆ ಇಳಿಸಿದೆ. ಮೊದಲು ತುಂಬ ಕಪ್ಪಾಯಿತೇನೋ ಅಂತ ಅಳುಕಿತ್ತು, ಆದರೆ ಹಿನ್ನೆಲೆ ಜೊತೆ ನೋಡಿದಾಗ ಅಲ್ಲೇ ನಿಂತಿದ್ದಾರೆ ಅನ್ನಿಸಿತು, ಇನ್ನೂ ಯಾವ ಬೆಳಕೂ ಹಾಕಿರಲಿಲ್ಲ. ಲೆವೆಲ್ಸ್ 115 ಇಟ್ಟೆ, ಪಾದಗಳು ಹುಲ್ಲಿನ ಕತ್ತಲೆಗೆ ಸೇರಿಕೊಂಡವು. ಭುಜಕ್ಕೆ ಕರ್ವ್ಸ್ ಬಳಿದಾಗ ಅಂಗಿಯ ನೆಯ್ಗೆ ಎದ್ದು ಬಂತು, ಸ್ಕ್ರೀನ್‌ನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಮಡಿಸಿದ ಕೈಯ ಮೇಲಂಚಿಗೆ ಸಣ್ಣ ಗೆರೆ ಎಳೆದ ಕೂಡಲೇ ಕೈ ದೇಹದಿಂದ ಮುಂದೆ ಬಂತು. ನನಗೆ ಅದೇ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು.

ಉಳಿದಿರೋದು ಎರಡು. ಬಲಗಡೆ ಅಂಚಿಗೆ ಏನಾದರೂ ಬೇಕಾ? ಈಗ ಅಲ್ಲಿ ತೆಳು ನೇರಳೆ ರ‍್ಯಾಪ್ ಮಾತ್ರ ಇದೆ. ಮತ್ತೆ ಆ ಬಿಳಿ ಶಾಲು. ಅದು ಮಾತ್ರ ಇನ್ನೂ ಮನೆಯೊಳಗೇ ಇದ್ದ ಹಾಗಿದೆ.

ಹಳೇಲೆನ್ಸ್

ಬಲಗಡೆ ಅಷ್ಟು ಸಾಕು. ಸರಿ ಇದೆಯಾ ಅಂತ ನೋಡೋಕೆ ಎಲ್ಲದರ ಮೇಲೆ ತಾತ್ಕಾಲಿಕವಾಗಿ ಎರಡು ಲೇಯರ್ ಹಾಕಿ. ಒಂದು ಬ್ಲ್ಯಾಕ್ ಆ್ಯಂಡ್ ವೈಟ್, ಇನ್ನೊಂದು ತುಂಬ ಕಡಿದಾದ ಕರ್ವ್ಸ್. ಬಣ್ಣ ಹೋಗಿ ಕಾಂಟ್ರಾಸ್ಟ್ ಏರಿದಾಗ ಎಲ್ಲಾದರೂ ಹೊರಗೆರೆಯುದ್ದಕ್ಕೂ ಒಂದೇ ದಪ್ಪದ ಪಟ್ಟಿ ಕಂಡರೆ ಅಲ್ಲಿ ಇನ್ನೂ ರ‍್ಯಾಪ್ ಜಾಸ್ತಿ ಇದೆ. ನೋಡಿ ಆದಮೇಲೆ ಅಳಿಸಿಬಿಡಿ.

ಶಾಲು ಕಷ್ಟ. ತೆಳು ಬಟ್ಟೆಯ ಹಿಂದೆ ಬೆಳಕಿದ್ದರೆ ಅದು ಬಟ್ಟೆಯೊಳಗಿಂದ ಹಾದು ಬರುತ್ತದೆ. ಒಂದು ಪದರ ಇದ್ದಲ್ಲಿ ಬೆಳಗುತ್ತದೆ, ಮಡಿಕೆ ಬಿದ್ದು ಎರಡು ಮೂರು ಪದರ ಆದಲ್ಲಿ ಕಪ್ಪಾಗುತ್ತದೆ. ನಿಮ್ಮ ಫೋಟೋದಲ್ಲಿ ಬೆಳಕು ಎದುರಿನಿಂದ ಬಂದದ್ದು, ಹಾಗಾಗಿ ಮಡಿಕೆಗಳ ಬೆಳಕು ನೆರಳು ಹೆಚ್ಚು ಕಡಿಮೆ ಉಲ್ಟಾ ಇದೆ. ಭುಜದ ಮೇಲೆ ಕೂತ ಭಾಗವನ್ನು ಸುಮ್ಮನೆ ಇಳಿಸಿ, ಅದರ ಹಿಂದೆ ಮೈ ಇದೆ. ಗಾಳಿಯಲ್ಲಿ ತೂಗುವ ಅಂಚು ಮಾತ್ರ ಆಕಾಶದ ಮುಂದೆ ಇದೆ. ಅದರ ಮಾಸ್ಕ್ ಅನ್ನು 70, 75 ಶೇಕಡಾಕ್ಕೆ ಇಳಿಸಿ, ಹಿಂದಿನ ಆಕಾಶ ಸ್ವಲ್ಪ ಕಾಣಲಿ. ಮಡಿಕೆಗಳನ್ನು ಕೈಯಿಂದ ಕಪ್ಪು ಮಾಡಿ.

ಕತ್ತರಿಕೈ

ಶಾಲಿನ ಮೇಲಂಚಿಗೆ ಒಂದು ಸಣ್ಣ ಕಿತ್ತಳೆ ಗೆರೆ ಕೊಡಿ ಮೇಡಂ. ನನ್ನ ಪ್ರಕಾರ ಅದು ಬೇಕೇ ಬೇಕು. ಸೂರ್ಯ ಎಡಕ್ಕಿದ್ದರೂ ಭುಜಕ್ಕಿಂತ ಮೇಲಿದ್ದಾನೆ, ಬಲ ಭುಜಕ್ಕೂ ಬೆಳಕು ತಲುಪುತ್ತದೆ. ಅದಿಲ್ಲದಿದ್ದರೆ ಬಲಭಾಗ ಪೂರ್ತಿ ಸತ್ತ ಹಾಗೆ ಕಾಣುತ್ತದೆ.

ಹಳೇಲೆನ್ಸ್

ನಡುವೆ ತಲೆ ಮತ್ತು ಬಿಚ್ಚಿದ ಕೂದಲು ಇದೆ. ಸೂರ್ಯ ಭುಜಕ್ಕಿಂತ ಸ್ವಲ್ಪ ಮಾತ್ರ ಮೇಲೆ ಅಂದಿದ್ದಾರೆ. ಕುತ್ತಿಗೆ ದಾಟಿ ಬಲ ಭುಜಕ್ಕೆ ಬರುವಷ್ಟರಲ್ಲಿ ಕೂದಲು ಅದನ್ನು ತಡೆಯುತ್ತದೆ. ತುದಿ ಭುಜದ ಹತ್ತಿರ ತಡೆ ತಪ್ಪಿದರೆ ಬೀಳಬಹುದು, ಅಲ್ಲಿಯೂ ಒಂದು ಚೂರು ಅಷ್ಟೆ.

ಮುಂಗುರುಳು

ನಾನು ಕತ್ತರಿಕೈ ಅವರ ಕಡೆ. ಸೂರ್ಯ ದೇಹದ ನೇರಕ್ಕೆ ಇಲ್ಲ, ತುಂಬ ಹಿಂದೆ ಇದ್ದಾನೆ. ಬೆಳಕು ಬೆನ್ನ ಕಡೆಯಿಂದ ಬರುತ್ತದೆ, ಕುತ್ತಿಗೆ ದಾಟಿ ಬರಬೇಕಾಗಿಯೇ ಇಲ್ಲ. ಹಿಂದಿನಿಂದ ನೋಡಿದರೆ ಎರಡು ಭುಜವೂ ಬಿಸಿಲಿಗೆ ತೆರೆದೇ ಇರುತ್ತವೆ ಅಲ್ವಾ?

ಹಳೇಲೆನ್ಸ್

ಸೂರ್ಯ ಹಿಂದೆ ಇದ್ದಾನೆ ಅನ್ನೋದು ಸರಿ, ಆದರೆ ಬಲ ಭುಜಕ್ಕೆ ಬೆಳಕು ಬರುತ್ತದೋ ಇಲ್ಲವೋ ಅನ್ನೋದು ಈ ಚಿತ್ರದಲ್ಲಿ ಅವನು ಎಷ್ಟು ಓರೆ ಅನ್ನೋದರ ಮೇಲೆ ನಿಂತಿದೆ. ಅಗಲದ ಲೆನ್ಸ್‌ನಲ್ಲಿ ತೆಗೆದ ಹಿನ್ನೆಲೆ ಆದರೆ ಚಿತ್ರದ ಅಂಚಿನ ಸೂರ್ಯ ಸಾಕಷ್ಟು ಓರೆಯಲ್ಲಿರುತ್ತಾನೆ, ಟೆಲಿ ಲೆನ್ಸ್ ಆದರೆ ಬಹುತೇಕ ನೇರ ಹಿಂದೆ. ನೇರ ಹಿಂದೆ ಆದರೆ ನೀವು ಹೇಳಿದ ಹಾಗೆ ಎರಡೂ ಭುಜಕ್ಕೆ ತೆಳು ಗೆರೆ ಬರುತ್ತದೆ. ತಿಳಿನೀಲಿ ಅವರೇ, ಹಿನ್ನೆಲೆ ಯಾವ ಲೆನ್ಸ್‌ನಲ್ಲಿ ತೆಗೆದದ್ದು ಅಂತ ಫೈಲ್‌ನಲ್ಲಿ ಇದೆಯಾ?

ತಿಳಿನೀಲಿ

ಇಲ್ಲ, ಆ ಮಾಹಿತಿ ಅಳಿಸಿಹೋಗಿದೆ. ಸೂರ್ಯ ಚಿಕ್ಕದಾಗಿ ಕಾಣುತ್ತಾನೆ, ಗುಡ್ಡದ ಸಾಲು ತುಂಬ ಅಗಲ ಇದೆ, ಹಾಗಾಗಿ ಅಗಲದ ಲೆನ್ಸ್ ಅಂದುಕೊಳ್ಳುತ್ತೇನೆ. ಶಾಲಿಗೆ ಗೆರೆ ಇರುವ ಪ್ರತಿ ಒಂದು, ಇಲ್ಲದ ಪ್ರತಿ ಒಂದು ಮಾಡಿ ಎರಡನ್ನೂ ಇಲ್ಲೇ ಹಾಕುತ್ತೇನೆ. ಅದಕ್ಕೂ ಮೊದಲು ಮಡಿಕೆಗಳ ಬೆಳಕು ನೆರಳು ತಿದ್ದಬೇಕು, ಅದಕ್ಕೆ ನಾಳೆ ಪೂರ್ತಿ ಬೇಕಾಗಬಹುದು.

ಕತ್ತರಿಕೈ

ಹಾಕಿ, ಮೊದಲು ಚಿಕ್ಕದಾಗಿ ಹಾಕಿ. ದೊಡ್ಡದು ಮಾಡಿ ನೋಡಿದರೆ ಎಲ್ಲರೂ ಎಳೆ ಲೆಕ್ಕ ಹಾಕುತ್ತಾ ಕೂರುತ್ತೇವೆ.